ಅರಿಷಿಣದ ಮರುದಿನ ಬಿದ್ದ ಟ್ರಾಯಲ್

ನಮ್ಮ ಮನೆತನದಲ್ಲಿ ಕೋಟು ಹಾಕಿಕೊಂಡು ಮದುವೆಯಾದವರು ಯಾರೂ ಇರಲಿಲ್ಲ. ಬಿ.ಎ. ಪಾಸಾದವರೂ ಇರಲಿಲ್ಲ. ಎರಡನೆಯದನ್ನು ನಾನು ಮಸ್ಕಿಯಿಂದ ಲಿಂಗಸುಗೂರಿಗೆ ದಿನಾ ಬಸ್ಸಿನಲ್ಲಿ ನಿಂತು ಹೋಗಿ ಬಂದು ಗಳಿಸಿದ್ದೆ. ಅಲ್ಲೇ ಒಂದು ಕಚೇರಿಯಲ್ಲಿ ಗುಮಾಸ್ತನೂ ಆಗಿದ್ದೆ. ಮೊದಲನೆಯದೂ ಆಗಿಬಿಡಲಿ ಎಂದು, ಬೀಗರು ಕೊಟ್ಟ ಬಟ್ಟೆಯನ್ನು ಬಗಲಲ್ಲಿಟ್ಟುಕೊಂಡು ಸಿಂಧನೂರಿನ ಟೇಲರ್ ಅಂಗಡಿಗೆ ಹೋದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಕೋಟು ಹಾಕಬೇಕೆಂದರೆ ಡಿಗ್ರಿಯೇ ಬೇಕು. ಬುದ್ಧಿ ಇದ್ದವರು ಹಾಕುವುದಿಲ್ಲ.

ಟೇಲರ್ ಮಾಸ್ತರರು ಅಳತೆ ತೆಗೆದು, “ಮದುವಿ ಯಾವಾಗ್ರೀ?” ಎಂದರು.

“ಬರೋ ತಿಂಗಳ ಮೊದಲನೇ ಸೋಮವಾರ. ಸಾಲಗುಂದದಾಗ, ಹುಡುಗಿ ಮನ್ಯಾಗ.”

“ಹಂಗಾರ ಅಲ್ಲಿಂದ ಹಿಂದಕ್ಕ ಎಣಸೋಣು. ಶನಿವಾರ ಒಯ್ರಿ. ಗುರುವಾರ ಎರಡನೇ ಟ್ರಾಯಲ್. ಅದರ ಹಿಂದಿನ ಗುರುವಾರ ಕಚ್ಚಾ ಹೊಲಿಗಿ ಟ್ರಾಯಲ್. ಎರಡನೇದು ಆಗೋತನಕ ನಾ ಗುಂಡಿ ಕಾಜಾ ಕೊಯ್ಯಂಗಿಲ್ಲ ನೋಡ್ರಿ. ಕೊಯ್ದ ಮ್ಯಾಲ ಕೋಟು ಯಾರ ಮಾತೂ ಕೇಳಂಗಿಲ್ಲ.”

ನಾನೂ ಬೆರಳು ಮಡಚಿ ಲೆಕ್ಕ ನೋಡಿ, ಸರಿ ಎಂದು ತಲೆಯಾಡಿಸಿದೆ. ಓದಿದವನು ಒಪ್ಪಿದರೆ ಲೆಕ್ಕಕ್ಕೆ ಒಂದು ತೂಕ ಬರುತ್ತದೆಂದು ನನ್ನ ನಂಬಿಕೆ.

ವಾರದಲ್ಲಿ ಕಚೇರಿಗೆ ಮಾಸ್ತರರ ಪೋಸ್ಟ್‌ಕಾರ್ಡ್ ಬಂತು. ಎರಡು ಗುರುವಾರಗಳ ಟ್ರಾಯಲ್, ಶನಿವಾರದ ಡೆಲಿವರಿ, ಕೆಳಗೆ ‘ಮದುವೆ ದಿನ ಹಾಕುವ ಅಂಗಿ, ಬೂಟು ತಪ್ಪದೆ ತರಬೇಕು’ ಎಂಬ ಸೂಚನೆ. ನಾನು ಅದನ್ನು ಎಲ್ಲರಿಗೂ ಕೇಳುವಂತೆ ಓದಿದೆ.

“ಮದುವಿ ಕಾರ್ಡ್ ಇನ್ನೂ ಬಂದಿಲ್ಲ, ಕೋಟಿನ ಕಾರ್ಡ್ ಬಂತಲ್ರೀ!” ಎಂದ ಪಕ್ಕದ ಮೇಜಿನವನು.

ಮೊದಲ ಟ್ರಾಯಲ್‌ಗೆ ಹೋದೆ. ಮೈತುಂಬ ಬಿಳಿ ದಾರದ ಕಚ್ಚಾ ಹೊಲಿಗೆ, ಒಂದೇ ತೋಳು. ಆದರೂ ಕನ್ನಡಿಯಲ್ಲಿ ನನಗೆ ತಹಶೀಲ್ದಾರನೇ ಕಂಡ. ಎದೆಯ ಹತ್ತಿರ ಮಾತ್ರ ಜೋಲು ಬಿದ್ದಿತ್ತು.

“ಅಳತಿ ಕೊಡುವಾಗ ಉಸರು ಹಿಡಿದು ನಿಂತಿದ್ರೇನು?” ಎಂದು ಮಾಸ್ತರರು ಪಿನ್ನು ಚುಚ್ಚಿ, ಸೀಮೆಸುಣ್ಣದಲ್ಲಿ ಗೆರೆ ಎಳೆದರು. ನಾನು ಮತ್ತೆ ಉಸಿರು ಹಿಡಿದೆ.

ಮುಂದಿನ ಬುಧವಾರ ಮನೆಯಲ್ಲಿ ಅರಿಷಿಣ ಹಚ್ಚಿದರು. ಮರುದಿನ ಬೆಳಿಗ್ಗೆ ಬೂಟಿನ ಚೀಲ ಹಿಡಿದು ಬಸ್ಸಿಗೆಂದು ಹೊರಟರೆ, ಅವ್ವ ಹೊಸ್ತಿಲಿಗೆ ಅಡ್ಡ ನಿಂತಳು.

“ಎಲ್ಲಿಗಿ ಹೊಂಟೀಯಲೇ?”

“ಸಿಂಧನೂರಿಗೆ. ಕೋಟಿನ ಟ್ರಾಯಲ್ ಐತಿ ಬೇ.”

“ಮೈಮ್ಯಾಲ ಅರಿಷಿಣ ಬಿದ್ದೈತಿ. ಮದುಮಗ ಊರ ಅಗಸಿ ದಾಟತಾನೇನು? ದಿಬ್ಬಣದ ದಿನಾನೇ ನೀ ದಾಟೋದು.”

“ಅದೆಲ್ಲಾ ಹಳೇ ಕಾಲದ್ದು. ನಾ ಡಿಗ್ರಿ ಮಾಡೀನಿ.”

“ಡಿಗ್ರಿ ಮಾಡಿದವ್ರಿಗಿ ದೆವ್ವ ಸಲಾಂ ಹೊಡಿತಾವೇನು? ಒಳಗ ನಡಿ.”

ಒಳಗೆ ನಡೆದೆ. ಮಾಸ್ತರರೂ ನಾನೂ ಅಕ್ಕಿಕಾಳು ಬೀಳುವ ಮದುವೆ ದಿನದಿಂದ ಹಿಂದಕ್ಕೆ ಎಣಿಸಿದ್ದೆವು. ನಮ್ಮ ಮನೆಯಲ್ಲಿ ಮದುಮಗನ ಕಾಲು ಕಟ್ಟುವುದು ಅರಿಷಿಣ. ಎಣಿಸಬೇಕಾದದ್ದು ಅಲ್ಲಿಂದ. ಹುಟ್ಟಿದಾಗಿನಿಂದ ಅದೇ ಮನೆಯಲ್ಲಿದ್ದ ನನಗೆ ಅದು ಹೊಳೆದಿರಲಿಲ್ಲ.

ಟ್ರಾಯಲ್ ಇಲ್ಲದಿದ್ದರೆ ಕಾಜಾ ಇಲ್ಲ, ಕಾಜಾ ಇಲ್ಲದಿದ್ದರೆ ಕೋಟಿಲ್ಲ. ಮೂಲೆಯಲ್ಲಿ ಮುಖ ಗಂಟಿಕ್ಕಿ ಕೂತ ನನ್ನನ್ನು ನೋಡಿ ಅಕ್ಕನ ಗಂಡ ಮೇಲೆದ್ದರು.

“ಅಳತೀ ಅಂದ್ರ ಅಳತಿ. ನಾ ಹೋಗಿ ಹಾಕ್ಕೊಂಡು ಬರ್ತೀನಿ ತಗೋ.”

“ಮಾಮಾ, ನೀವು ನನಗಿಂತ...”

“ಏನ್ ನಿನಗಿಂತ? ಇಬ್ಬರೂ ಒಂದೇ ಅದೀವಿ!”

ಮಾಮಾನ ಹೊಟ್ಟೆಯನ್ನು ನಾನು ನೋಡಿದೆ. ಮಾಮಾ ನೋಡಲಿಲ್ಲ.

ಅಂಗಡಿಯಲ್ಲಿ ನಡೆದದ್ದು ಆಮೇಲೆ ತಿಳಿಯಿತು. ಕೋಟು ಹೊಟ್ಟೆಯ ಮೇಲೆ ಕೂಡದಿದ್ದಾಗ ಮಾಸ್ತರರು ಅನುಮಾನಿಸಿದರಂತೆ. ಮಾಮಾ ತಮ್ಮ ಮಾನ ಬಿಡದೆ, “ಮದುಮಗ ಉಂಡಿ ತಿಂದು ತಿಂದು ಉಬ್ಬ್ಯಾನ್ರೀ. ಈಗ ನಂದೂ ಅವಂದೂ ಒಂದೇ ಅಳತಿ” ಎಂದರಂತೆ. ಮಾಸ್ತರರು ಒಳಗೆ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಬಿಚ್ಚಿ ಹಿಗ್ಗಿಸಿ, ಕಾಜಾ ಕೊಯ್ದರು.

ಶನಿವಾರ ಸಂಜೆ ಮಾಮಾ ತಂದ ಕೋಟು ತೊಟ್ಟೆ. ಗುಂಡಿ ಹಾಕಿದರೆ ಒಳಗೆ ಇನ್ನೊಬ್ಬ ಕೂರಬಹುದಿತ್ತು.

“ಕೋಟು ಚೊಲೋ ಐತಿ, ಇದಕ್ಕೊಬ್ಬ ಮದುಮಗನ್ನ ಹುಡುಕ್ರಿ” ಎಂದಳು ಅಕ್ಕ. ಮತ್ತೆ ಬಿಚ್ಚಿ ಹೊಲಿಸುವಷ್ಟು ಹೊತ್ತಿರಲಿಲ್ಲ. ಕೊಯ್ದ ಕಾಜಾ ಸರಿಸುವ ವಿದ್ಯೆ ಯಾರಿಗೂ ಇರಲಿಲ್ಲ. ಅವ್ವ ಟ್ರಂಕಿನಿಂದ ಧೋತರ, ಬಿಳಿ ಅಂಗಿ, ರುಮಾಲು ತೆಗೆದಿಟ್ಟಳು. ನಗುವನ್ನೂ ಮುಚ್ಚಿಡಲಿಲ್ಲ.

ಬೀಗರು ಕೊಟ್ಟ ಕೋಟು ಕಾಣದಿದ್ದರೆ ಮುನಿದಾರೆಂದು, ದಿಬ್ಬಣದಲ್ಲಿ ಅದನ್ನು ಮಾಮಾನೇ ತೊಟ್ಟರು. ಸಾಲಗುಂದದಲ್ಲಿ ಟ್ರ್ಯಾಕ್ಟರ್ ಇಳಿದಾಗ ಹೆಣ್ಣಿನ ಕಡೆಯ ಮುದುಕಿಯೊಬ್ಬಳು ಆರತಿ ಹಿಡಿದು ಬಂದಳು. ಹುಡುಗ ಓದಿದವನೆಂದು ಅವಳಿಗೆ ಯಾರೋ ಹೇಳಿದ್ದರಂತೆ. ನೆಟ್ಟಗೆ ಕೋಟಿನ ಮುಂದೆ ನಿಂತು ಬೆಳಗತೊಡಗಿದಳು. ಮಾಮಾ ಕಣ್ಣುಮುಚ್ಚಿ ಬೆಳಗಿಸಿಕೊಳ್ಳುತ್ತಿದ್ದರು.

ಅಕ್ಕ ಹಿಂದಿನಿಂದ ಕೂಗಿದಳು: “ಯವ್ವಾ, ಅದು ನಂದೈತಿ! ನಿಮ್ಮದು ಅಲ್ಲಿ ರುಮಾಲು ಸುತ್ತಿಕೊಂಡು ನಿಂತೈತಿ ನೋಡು!”