ಚೂಲಬಂದ ಕರೆ

ಬೆಳಿಗ್ಗೆ ಎದ್ದ ಕೂಡಲೇ ತ್ರಿಶಲಾಬಾಯಿ ನೀರು ಸೋಸುತ್ತಾರೆ. ದಪ್ಪ ಬಿಳಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹಾಸಿ, ಸಣ್ಣ ಧಾರೆಯಾಗಿ ಸುರಿಯುತ್ತಾರೆ. ಆಮೇಲೆ ಬಟ್ಟೆಯನ್ನು ಮಗುಚಿ, ಸೋಸಿದ ನೀರಿನಲ್ಲೇ ತೊಳೆದು, ಅದರಲ್ಲಿ ಸಿಕ್ಕ ಜೀವಗಳು ಸಾಯದಂತೆ ಆ ನೀರನ್ನು ಹಿತ್ತಲಿನ ಬಾವಿಗೆ ಇಳಿಸುತ್ತಾರೆ. ಜ್ವರ ಬಂದ ದಿನವೂ ಇದನ್ನು ಬಿಟ್ಟವರಲ್ಲ. ಮಗಳು ನೀಲಮ ಒಮ್ಮೆ, "ಅವ್ವಾ, ಫಿಲ್ಟರ್ ಐತಲ್ಲ ಮನ್ಯಾಗ," ಎಂದಿದ್ದಕ್ಕೆ, "ಅದು ನಮಗ ಛಲೋ ನೀರ ಕೊಡ್ತೈತಿ. ಆ ಜೀವಕ್ಕ ಏನ ಕೊಡ್ತೈತಿ?" ಎಂದಿದ್ದರು.

ಇಂಥವರ ಕೈಯಿಂದ ಆದ ತಪ್ಪಿನ ಕಥೆ ಇದು.

ತ್ರಿಶಲಾಬಾಯಿ ಚಿಕ್ಕೋಡಿಯ ಒಂದು ಮಂಗಲ ಕಾರ್ಯಾಲಯದಲ್ಲಿ, ಅಂದರೆ ಮದುವೆ ಹಾಲ್‌ನಲ್ಲಿ, ಹನ್ನೆರಡು ವರ್ಷದಿಂದ ಬುಕಿಂಗ್ ನೋಡಿಕೊಳ್ಳುತ್ತಾರೆ. ಕಾರ್ಯಾಲಯದ ಮಾಲೀಕ ಬಾಳಾಸಾಬ ತಾರೀಖು ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಲೆಕ್ಕ ಕುಳಿತು ಮಾಡುವವರು ತ್ರಿಶಲಾಬಾಯಿ. ಹಾಲ್‌ನ ಬಾಡಿಗೆ ಇಷ್ಟು, ಕರೆಂಟು ಮತ್ತು ಸ್ವಚ್ಛತೆ ಇಷ್ಟು, ಸ್ಟೇಜಿನ ಡೆಕೋರೇಶನ್ ಇಷ್ಟು. ಈ ಮೂರೂ ಖರ್ಚು, ಮಂದಿ ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ. ನಾಲ್ಕನೆಯದು ಊಟ, ಅದು ತಲೆಯ ಲೆಕ್ಕ. ಅಡುಗೆಯ ಜಕ್ಕಪ್ಪನಿಗೆ ಮೂರು ದಿನ ಮೊದಲು ಎಷ್ಟು ಪ್ಲೇಟು ಎಂದು ಪಕ್ಕಾ ಹೇಳಬೇಕು. ಹೇಳಿದಷ್ಟು ಪ್ಲೇಟಿನ ಹಣ, ಮಂದಿ ಕಡಿಮೆ ಬಂದರೂ, ಕೊಡಲೇಬೇಕು. ಅವನು ನೂರಕ್ಕೆ ಐದು ಹೆಚ್ಚು ಮಾಡಿಟ್ಟಿರುತ್ತಾನೆ. ಅದರ ಮೇಲೆ ಬಂದರೆ ಅವನ ಕೈಯಲ್ಲೂ ಏನೂ ಇರುವುದಿಲ್ಲ.

ಹೀಗಾಗಿ ಎಲ್ಲವೂ ನಿಂತಿರುವುದು ಎಷ್ಟು ಮಂದಿ ಬರುತ್ತಾರೆ ಎಂಬ ಪ್ರಶ್ನೆಯ ಮೇಲೆ. ಅದನ್ನು ಅಂದಾಜು ಮಾಡುವುದರಲ್ಲಿ ತ್ರಿಶಲಾಬಾಯಿಗೆ ಹೆಸರಿತ್ತು. ಕಾರ್ಡುಗಳನ್ನು ಊರಿನ ಪ್ರಕಾರ ಬೇರೆ ಮಾಡಿಸುತ್ತಿದ್ದರು. ಅದೇ ದಿನ ಸುತ್ತಲಿನ ಹಳ್ಳಿಗಳಲ್ಲಿ ಎಷ್ಟು ಲಗ್ನ ಇವೆ ಎಂದು ವಿಚಾರಿಸುತ್ತಿದ್ದರು. ತಮ್ಮ ಜೈನರ ಮನೆಯ ಕಾರ್ಯವಾದರೆ ಹೊತ್ತು ಮುಳುಗುವುದರೊಳಗೆ ಉಣ್ಣುವವರು ಎಷ್ಟು ಎಂದು ಬೇರೆ ಬರೆಯುತ್ತಿದ್ದರು. "ವೈನಿ, ನೀವು ಹೇಳಿದ್ರ ಹತ್ತ ಪ್ಲೇಟ್ ಆಕಡೆ ಈಕಡೆ ಅಷ್ಟ," ಎಂದು ಜಕ್ಕಪ್ಪ ಎಲ್ಲರ ಮುಂದೆ ಹೇಳುತ್ತಿದ್ದ.

ಮಾಘದಲ್ಲಿ ಕಬ್ಬೂರಿನ ಶಿವಗಂಗವ್ವ ಬಂದರು. ಗಂಡ ಇಲ್ಲ. ಎರಡು ಎಕರೆ ಹೊಲ, ಮೂರು ಎಮ್ಮೆ. ಒಬ್ಬಳೇ ಮಗಳು ಸ್ನೇಹಲ. ಲಗ್ನ ಗಂಡಿನವರ ಊರಿನ ಗುಡಿಯಲ್ಲಿ ಬೆಳಿಗ್ಗೆ, ರಿಸೆಪ್ಶನ್ ಚಿಕ್ಕೋಡಿಯಲ್ಲಿ ಸಂಜೆ ಎಂದು ಮಾತಾಗಿತ್ತು. ಶಿವಗಂಗವ್ವ ಕುರ್ಚಿಯ ತುದಿಯಲ್ಲಿ ಕುಳಿತು ಮೊದಲೇ ಹೇಳಿಬಿಟ್ಟರು:

"ಅಕ್ಕಾರ, ನನ್ನ ಕಡೆ ಇರೂದು ಒಂದ ಲಕ್ಷ ಎಂಬತ್ತ ಸಾವಿರ. ಸಾಲ ಅಂತೂ ಮಾಡಂಗಿಲ್ಲ. ಇದರಾಗ ಬಂದವರು ಹೊಟ್ಟಿ ತುಂಬ ಉಂಡ ಹೋಗಬೇಕು. ಗಂಡ ಇಲ್ಲದಾಕಿ ಹೆಂಗ ಮಾಡ್ಯಾಳ ನೋಡೂಣು ಅಂತ ಕುಂತಾರ ನಮ್ಮ ಊರಾಗ."

"ಕಾರ್ಡ್ ಎಷ್ಟ ಆಕ್ಕಾವ್ರಿ?"

"ಊರಾಗ ನೂರಾ ನಲವತ್ತ ಮನಿ. ಚಿಕ್ಕೋಡಿ ಕಡೇವು ಎಪ್ಪತ್ತ. ಮಹಾರಾಷ್ಟ್ರದ ಬೀಗರವು ನಲವತ್ತ ಕಾರ್ಡ. ಗಂಡಿನವರು ಅರವತ್ತೈದ ಮಂದಿ ಅಂದಾರ."

ತ್ರಿಶಲಾಬಾಯಿ ಬರೆದರು. ಊರಿನಲ್ಲಿ ಮನೆಗೆ ಇಬ್ಬರಂತೆ ಇನ್ನೂರಾ ಎಂಬತ್ತು. ಚಿಕ್ಕೋಡಿ ಕಡೆಯವರು ಕಾರ್ಡಿಗೆ ಒಂದೂವರೆಯಂತೆ ನೂರಾ ಐದು. ದೂರದವರು ಐವತ್ತು, ಗಂಡಿನವರು ಅರವತ್ತೈದು. ಸರಿಯಾಗಿ ಐನೂರು. ಚಪಾತಿ, ಬದನೆಕಾಯಿ ಪಲ್ಯ, ಭಜಿ, ಜಿಲೇಬಿ, ಮಸಾಲೆ ಮಜ್ಜಿಗೆಯ ಮಠ್ಠಾ, ಅನ್ನ ಸಾರು ಸೇರಿ ಪ್ಲೇಟಿಗೆ ನೂರಾ ಎಂಬತ್ತು ರೂಪಾಯಿ. ತೊಂಬತ್ತು ಸಾವಿರ. ಹಾಲ್ ಬಾಡಿಗೆ ನಲವತ್ತೈದು ಸಾವಿರ, ಕರೆಂಟು ಮತ್ತು ಸ್ವಚ್ಛತೆಗೆ ಆರು ಸಾವಿರ.

ಅಷ್ಟರಲ್ಲಿ ಸ್ನೇಹಲ ಮೊಬೈಲಿನಲ್ಲಿ ಡೆಕೋರೇಶನ್ ಫೋಟೋಗಳನ್ನು ನೋಡುತ್ತಿದ್ದಳು. ಬಿಳಿ ಮತ್ತು ನೇರಳೆ ಹೂವಿನ ಒಂದು ಸ್ಟೇಜನ್ನು ತಾಯಿಗೆ ತೋರಿಸಿದಳು. ಮಾತಾಡಲಿಲ್ಲ, ತೋರಿಸಿದಳು ಅಷ್ಟೇ. ಅದು ಮೂವತ್ತೆಂಟು ಸಾವಿರದ್ದು.

"ಹಿಡೀತದೇನ್ರಿ ಇದು?" ಎಂದು ಶಿವಗಂಗವ್ವ ಕೇಳಿದರು.

ತ್ರಿಶಲಾಬಾಯಿ ಕೂಡಿಸಿದರು. ಒಂದು ಲಕ್ಷ ಎಪ್ಪತ್ತೊಂಬತ್ತು ಸಾವಿರ. ಹಿಡಿಯುತ್ತಿತ್ತು.

"ಆತು ಹಂಗಾರ," ಎಂದು ಶಿವಗಂಗವ್ವ ನಕ್ಕರು. ಏಳುವಾಗ ಸೆರಗು ಸರಿ ಮಾಡಿಕೊಳ್ಳುತ್ತ, "ಊರಾಗ ಎಲ್ಲಾರಿಗೂ ಚೂಲಬಂದ ಹೇಳೇನ್ರಿ. ಒಂದ ಮಗಳು, ಇನ್ನೊಮ್ಮೆ ಯಾವಾಗ ಕರೀಲಿ?" ಎಂದರು.

ನಮ್ಮ ಗಡಿ ಭಾಗದಲ್ಲಿ ಚೂಲಬಂದ ಎಂದರೆ ಆ ಹೊತ್ತು ಮನೆಯಲ್ಲಿ ಒಲೆ ಹಚ್ಚಬಾರದು, ಮುದುಕರು ಮಕ್ಕಳು ಎಲ್ಲರೂ ಊಟಕ್ಕೆ ಬರಬೇಕು ಎಂಬ ಕರೆ. ಮರಾಠಿಯಿಂದ ಬಂದ ಮಾತು. ಇದನ್ನು ಹೇಳಿದ ಮನೆಯವರು ಇಬ್ಬರ ಲೆಕ್ಕ ಹಿಡಿಯುವಂತಿಲ್ಲ.

ತ್ರಿಶಲಾಬಾಯಿಗೆ ಇದು ಗೊತ್ತಿಲ್ಲದ್ದಲ್ಲ. ಆ ಮಾತು ಕಿವಿಗೆ ಬಿದ್ದಾಗಲೇ ತಲೆಯೊಳಗೆ ಲೆಕ್ಕ ಮುಗಿದಿತ್ತು. ಮನೆಗೆ ನಾಲ್ವರು ಹಿಡಿದು, ಬರದೇ ಉಳಿಯುವವರನ್ನು ಕಳೆದರೂ ಊರಿನವರೇ ನಾನೂರಾ ಇಪ್ಪತ್ತು. ನೂರಾ ನಲವತ್ತು ಪ್ಲೇಟು ಹೆಚ್ಚು ಬೇಕು. ಇಪ್ಪತ್ತೈದು ಸಾವಿರದ ಎರಡು ನೂರು. ಹಣ ಒಂದೇ ಕಡೆಯಿಂದ ಬರಬೇಕು, ಸ್ಟೇಜಿನಿಂದ. ಹನ್ನೆರಡು ಸಾವಿರದ ಸಾದಾ ಡೆಕೋರೇಶನ್ ಕೂಡ ಇತ್ತು, ಅದೂ ಚೆನ್ನಾಗಿಯೇ ಇತ್ತು. ಅದನ್ನು ಹಿಡಿದಿದ್ದರೆ ಆರುನೂರಾ ನಲವತ್ತು ಮಂದಿಯ ಊಟವೂ ಅದೇ ಹಣದಲ್ಲಿ ಮುಗಿಯುತ್ತಿತ್ತು.

ಆದರೆ ಡೆಕೋರೇಶನ್ ಹಣದಲ್ಲಿ ನೂರಕ್ಕೆ ಹತ್ತು ತ್ರಿಶಲಾಬಾಯಿಗೆ ಸಿಗುತ್ತದೆ. ವೈಶಾಖದಲ್ಲಿ ನೀಲಮಳ ಲಗ್ನ ಗೊತ್ತಾಗಿತ್ತು. ಎದುರಿಗೆ ಸ್ನೇಹಲ ಆ ಸ್ಟೇಜಿನ ಫೋಟೋ ಇನ್ನೂ ಮುಚ್ಚಿರಲಿಲ್ಲ. ಪಾಪ, ಆಸೆ ಮುರಿಯುವುದು ಬೇಡ ಎಂದು ತಮಗೆ ತಾವೇ ಹೇಳಿಕೊಂಡು, "ಛಲೋ ಆಕ್ಕತಿ, ಹೋಗಿ ಬರ್ರಿ," ಎಂದು ಬಿಟ್ಟರು. ಜಕ್ಕಪ್ಪನಿಗೆ ಐನೂರು ಎಂದೇ ಹೇಳಿದರು.

ರಿಸೆಪ್ಶನ್ ದಿನ ಸಂಜೆ ಏಳಕ್ಕೆಲ್ಲ ಕಬ್ಬೂರಿನವರು ಎರಡು ಟ್ರಾಕ್ಸ್ ಗಾಡಿ ತುಂಬಿ ಬಂದರು. ಆಮೇಲೆ ಟೆಂಪೋಗಳು ಬಂದವು. ಅಜ್ಜಿಯರನ್ನು ಕೈ ಹಿಡಿದು ಇಳಿಸಿದರು. ಮಕ್ಕಳು ಬಿಳಿ ನೇರಳೆ ಹೂವಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಎಂಟು ಗಂಟೆಗೆ ಜಕ್ಕಪ್ಪ ಬೆವರು ಒರೆಸುತ್ತ ಬಂದ.

"ವೈನಿ, ನಾನೂರಾ ಎಂಬತ್ತ ಪ್ಲೇಟ್ ಎದ್ದಾವು. ಹೊರಗ ಇನ್ನೂ ಮಂದಿ ನಿಂತೈತಿ. ಏನ ಅಂದಾಜ್ರಿ ಇದು?"

"ಅಕ್ಕಿ ಹಾಕೋ."

"ಹಾಕ್ತೇನಿ. ಜಿಲೇಬಿ ಎಲ್ಲಿಂದ ಹಾಕ್ಲಿ?"

ಕಬ್ಬೂರಿನ ಕೊನೆಯ ಟೆಂಪೋ ಒಂಬತ್ತಕ್ಕೆ ಸ್ವಲ್ಪ ಮುಂಚೆ ಬಂತು. ಶಿವಗಂಗವ್ವನ ಓಣಿಯ ಹೆಣ್ಣುಮಕ್ಕಳು. ಎಮ್ಮೆ ಹಿಂಡಿ, ಡೇರಿಗೆ ಹಾಲು ಹಾಕಿ, ಸೀರೆ ಉಟ್ಟು ಬರುವುದರಲ್ಲಿ ತಡವಾಗಿತ್ತು. ಅವರು ಬರುವ ಹೊತ್ತಿಗೆ ಪಾತ್ರೆಗಳ ತಳ ಕಾಣುತ್ತಿತ್ತು. ಹೊಸದಾಗಿ ಇಟ್ಟ ಅನ್ನ ಮೊದಲೇ ಕಾಯುತ್ತಿದ್ದವರಿಗೆ ಸಾಲಲಿಲ್ಲ. ಮತ್ತೊಂದು ಸಲ ಅಕ್ಕಿ ತೊಳೆಯುವುದರಲ್ಲಿ ಟೆಂಪೋದವನು ಹಾರ್ನ್ ಹಾಕತೊಡಗಿದ. ಅವನಿಗೆ ಇನ್ನೊಂದು ಬಾಡಿಗೆ ಇತ್ತು.

ಶಿವಗಂಗವ್ವ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈ ಹಿಡಿದರು. "ನಿಂದರ್ರೆ, ಹತ್ತ ಮಿನಿಟ, ಬಿಸಿ ಅನ್ನ ಬರ್ತೈತಿ."

"ಇರಲಿ ಬಿಡವಾ," ಎಂದಳು ಒಬ್ಬಳು. ಮತ್ತೊಬ್ಬಳು ಟೆಂಪೋ ಏರುತ್ತ, ಕೇಳುವಂತೆಯೇ ಅಂದಳು: "ಹೂವಿಂದ ಹೊಟ್ಟಿ ತುಂಬಿಸ್ಕೋರಿ. ಮನ್ಯಾಗ ಒಲಿ ಸೈತ ತಣ್ಣಗೈತಿ."

ತ್ರಿಶಲಾಬಾಯಿ ಕಂಬದ ಪಕ್ಕ ನಿಂತು ಕೇಳಿಸಿಕೊಂಡರು. ತಮ್ಮ ಪಾಲಿನ ಪ್ಲೇಟನ್ನಾದರೂ ಎತ್ತಿ ಕೊಡೋಣವೆಂದರೆ, ಹೊತ್ತು ಮುಳುಗುವ ಮೊದಲೇ ಉಂಡಾಗಿತ್ತು. ಬಾಗಿಲ ಬಳಿಯ ಅಷ್ಟು ಮಂದಿಯಲ್ಲಿ ಹೊಟ್ಟೆ ತುಂಬಿ ನಿಂತವರು ತಾವೊಬ್ಬರೇ ಎನಿಸಿತು.

ಮೂರನೆಯ ದಿನ ಶಿವಗಂಗವ್ವ ಕಾರ್ಯಾಲಯದಲ್ಲಿ ಮರೆತುಹೋದ ತಮ್ಮ ಹಿತ್ತಾಳೆ ತಟ್ಟೆ ಒಯ್ಯಲು ಬಂದರು. ಬೈಯುತ್ತಾರೆ ಎಂದುಕೊಂಡು ತ್ರಿಶಲಾಬಾಯಿ ಎದ್ದು ನಿಂತಿದ್ದರು.

"ನಿಮ್ಮದೇನ ತಪ್ಪಿಲ್ಲ ಬಿಡ್ರಿ ಅಕ್ಕಾರ. ನನ್ನ ಬಾಯಿ ನೆಟ್ಟಗಿಲ್ಲ. ಹಿಗ್ಗಿನಾಗ ಊರಿಗೆಲ್ಲ ಚೂಲಬಂದ ಹೇಳಿಬಿಟ್ನಿ, ನಿಮ್ಮ ಮುಂದ ಲೆಕ್ಕದಾಗ ಅದನ್ನ ಬರಸಲಿಲ್ಲ. ಈಗ ಓಣ್ಯಾಗ ತಲಿ ಎತ್ತಲಾರದಂಗ ಆಗೈತಿ," ಎಂದರು.

ತ್ರಿಶಲಾಬಾಯಿ ಹಿತ್ತಾಳೆ ತಟ್ಟೆಯನ್ನು ಒರೆಸಿ ಅವರ ಮುಂದಿಟ್ಟರು. "ಚಹಾ ತರಸ್ಲೇನ್ರಿ?" ಎಂದಷ್ಟೇ ಕೇಳಿದರು.

ಡೆಕೋರೇಶನ್‌ನವನು ಕೊಟ್ಟ ಮೂರು ಸಾವಿರದ ಎಂಟು ನೂರನ್ನು ಅವರು ಖರ್ಚು ಮಾಡಲಿಲ್ಲ. ಒಂದು ದಿನ ಬಸದಿಗೆ ಒಯ್ದು ಹುಂಡಿಯ ಮುಂದೆ ನಿಂತರು. ದಾನ ಎಂದು ಹಾಕಲು ಇದು ತಮ್ಮ ಹಣವೇನು ಎಂಬ ಪ್ರಶ್ನೆ ಬಂತು. ಹಾಗೆಯೇ ಮನೆಗೆ ತಂದರು. ಸಂಜೆಯ ಪ್ರತಿಕ್ರಮಣದಲ್ಲಿ ಅಂದಂದಿನ ತಪ್ಪುಗಳನ್ನು ನೆನೆದು ಕ್ಷಮೆ ಕೇಳುವುದಿದೆ. ಆ ತಿಂಗಳೆಲ್ಲ ಬೇರೆ ಯಾವ ತಪ್ಪೂ ನೆನಪಾಗಲಿಲ್ಲ. ಸುಳ್ಳು ಹೇಳಿರಲಿಲ್ಲ ಎಂದು ಒಂದೆರಡು ಸಲ ಸಮಾಧಾನ ಮಾಡಿಕೊಳ್ಳಲು ನೋಡಿದರು. ಕೇಳಿಯೂ ಸುಮ್ಮನಿದ್ದುದಕ್ಕೆ ಇನ್ನೇನು ಹೆಸರು ಎಂದು ಮತ್ತೆ ಅಲ್ಲಿಗೇ ಬರುತ್ತಿದ್ದರು.

ಬುಕಿಂಗಿಗೆ ಬಂದವರನ್ನು, ಒಂದೊಂದು ಮನೆಯಿಂದ ಎಷ್ಟು ಮಂದಿಯನ್ನು ಕರೆದಿದ್ದೀರಿ, ಏನೆಂದು ಕರೆದಿದ್ದೀರಿ ಎಂದು ಎರಡೆರಡು ಸಲ ಕೇಳತೊಡಗಿದರು. ಸ್ಟೇಜು ಸಣ್ಣದು ಮಾಡಿ ಪ್ಲೇಟು ಹೆಚ್ಚಿಸಿ ಎನ್ನತೊಡಗಿದರು. "ತ್ರಿಶಲಾಬಾಯಿ, ನೀವು ಹಾಲ್ ತುಂಬಸ್ತೀರೋ ಖಾಲಿ ಮಾಡಸ್ತೀರೋ?" ಎಂದು ಬಾಳಾಸಾಬ ನಗುತ್ತಲೇ ಚುಚ್ಚಿದರು.

ನೀಲಮಳ ಲಗ್ನಕ್ಕೆ ಹತ್ತು ದಿನ ಇರುವಾಗ ಶಿವಗಂಗವ್ವ ಮತ್ತೆ ಬಂದರು. ಕೈಯಲ್ಲಿ ಒಂದು ಡಬ್ಬಿ ತುಪ್ಪ ಇತ್ತು.

"ಮಗಳ ಲಗ್ನ ಅಂತ ಕೇಳಿದ್ನಿ. ಚಪಾತಿಗೆ ಮಂದಿ ಹಚ್ಚಬ್ಯಾಡ್ರಿ. ನಮ್ಮ ಓಣಿಯಿಂದ ಹದಿನೈದ ಮಂದಿ ಹೆಣ್ಮಕ್ಕಳನ್ನ ಕರ್ಕೊಂಡ ಬರ್ತೇನಿ, ನಸಕಿನ್ಯಾಗಿಂದ ಲಟ್ಟಿಸಿ ಕೊಡ್ತೀವಿ. ಒಂದ ಪೈಸಾ ಬ್ಯಾಡ."

"ಯಾಕ್ರಿ?"

"ಆ ದಿನ ನನ್ನ ಸಂಗಾಟ ನೀವೂ ಕಡೀತನ ನಿಂತಿದ್ರಿ. ನಿಮ್ಮ ಮಾರಿ ನೋಡಿದ್ನಿ ನಾ."

ತ್ರಿಶಲಾಬಾಯಿ ಪೆನ್ನು ಕೆಳಗಿಟ್ಟರು. ಪಕ್ಕದ ಕೋಣೆಯಲ್ಲಿ ಯಾರೋ ಕುರ್ಚಿ ಜೋಡಿಸುತ್ತಿದ್ದರು. ಆ ಸದ್ದು ನಿಲ್ಲುವವರೆಗೆ ಕಾದರು.

"ಅಕ್ಕಾ, ನೀವು ಚೂಲಬಂದ ಅಂದದ್ದು ನನಗ ಕೇಳಿಸಿತ್ತು. ಅವತ್ತ, ಇಲ್ಲೇ. ಆರನೂರಾ ನಲವತ್ತ ಆಕ್ಕಾರ ಅಂತ ಲೆಕ್ಕಾನೂ ಮಾಡಿದ್ನಿ. ಸ್ಟೇಜ್ ಸಣ್ಣದ ಮಾಡಿದ್ರ ನಿಮ್ಮ ರೊಕ್ಕದಾಗ ಎಲ್ಲಾರ ಊಟಾನೂ ಮುಗೀತಿತ್ತು. ದೊಡ್ಡ ಸ್ಟೇಜಿಗೆ ನನಗ ರೊಕ್ಕ ಸಿಗತಿತ್ತು, ಅದಕ್ಕ ಹೇಳಲಿಲ್ಲ."

ಶಿವಗಂಗವ್ವ ಕೈಯಲ್ಲಿದ್ದ ತುಪ್ಪದ ಡಬ್ಬಿಯನ್ನು ಮೇಜಿನ ಮೇಲಿಟ್ಟರು.

"ಹಂಗಾರ ಎರಡೂವರಿ ತಿಂಗಳ ನಾನು ತಲಿ ತಗ್ಗಿಸ್ಕೊಂಡ ಅಡ್ಡಾಡಿದ್ದು?"

"ನನ್ನ ತಪ್ಪಿಗ್ರಿ."

ತ್ರಿಶಲಾಬಾಯಿ ಪರ್ಸಿನಿಂದ ಮೂರು ಸಾವಿರದ ಎಂಟು ನೂರನ್ನು ತೆಗೆದು ಮೇಜಿನ ಮೇಲೆ ಇಟ್ಟರು. ಶಿವಗಂಗವ್ವ ಅದನ್ನು ಮುಟ್ಟಲಿಲ್ಲ. ಎದ್ದು ಬಾಗಿಲ ತನಕ ಹೋದರು. ಅಲ್ಲಿ ನಿಂತು, ತಿರುಗದೆಯೇ ಮಾತಾಡಿದರು.

"ಓಣಿ ಹೆಣ್ಮಕ್ಕಳನ್ನ ಬರಾಕ ಒಪ್ಪಿಸಿ ಬಂದೇನಿ. ಹೇಳಿದ ಮಾತು ಮತ್ತೊಮ್ಮೆ ತಪ್ಪಂಗಿಲ್ಲ ನಾ. ಬರ್ತೇವಿ."

"ಬ್ಯಾಡ್ರಿ ಅಕ್ಕಾ," ಎಂದರು ತ್ರಿಶಲಾಬಾಯಿ. "ನಾಳೆ ನಾನ ಕಬ್ಬೂರಿಗೆ ಬರ್ತೇನಿ. ನಿಮ್ಮ ಓಣ್ಯಾಗ ನಿಂತ ಎಲ್ಲಾರ ಮುಂದ ಇದನ್ನ ಹೇಳ್ತೇನಿ. ಚಪಾತಿ ಲಟ್ಟಿಸಾಕ ಅವರು ಬರೂದು ಬ್ಯಾಡ."