ತೊಡೆ ಬೇಯುವ ಹೊತ್ತು

ನಮ್ಮ ಅವ್ವ ಹುಬ್ಬಳ್ಳಿ ಸ್ಟೇಶನ್ನಿನ ಹತ್ತಿರ ಒಬ್ಬ ರೈಲ್ವೆ ಸಾಹೇಬರ ಬಂಗಲೆಯಲ್ಲಿ ಅಡುಗೆ ಮಾಡುತ್ತಿದ್ದಳು. ಪ್ರತಿ ರವಿವಾರ ಅಲ್ಲಿ ಇಡೀ ಕೋಳಿಯನ್ನು ಓವನ್ನಿನಲ್ಲಿ ಹುರಿಯಬೇಕು. ಅಷ್ಟು ವರ್ಷ ಹುರಿದರೂ ಒಂದು ಕೋಳಿಯೂ ನಮ್ಮ ಮನೆಗೆ ಬಂದದ್ದಿಲ್ಲ. ಅಣ್ಣ ಚಿಕ್ಕಂದಿನಿಂದ ಅದರ ವಾಸನೆಯನ್ನಷ್ಟೇ ಬಲ್ಲ. ಯುದ್ಧದ ಕಾಲಕ್ಕೆ ಅವನು ಪಲ್ಟಣಕ್ಕೆ ಸೇರಿ, ಹೊರಡುವ ದಿನ ಗೊತ್ತಾದಾಗ, ಅವ್ವ ಸಾಹೇಬರ ಹೆಂಡತಿ ಬಾಯಿಯವರ ಮುಂದೆ ನಿಂತು ಒಂದೇ ಒಂದು ಮಾತು ಕೇಳಿದಳು: ಆ ದಿನ ಓವನ್ನು ತನ್ನ ಮಗನಿಗಾಗಿ ಬೇಕು. ಸಾಹೇಬರ ಮನೆಯವರೆಲ್ಲ ಊಟಿಗೆ ಹೋಗುವವರಿದ್ದರು. ಬಾಯಿಯವರು ಒಪ್ಪಿದರು.

ಅಪ್ಪ ಪಾರ್ಸಲ್ ಆಫೀಸಿನಲ್ಲಿ ತೂಕದ ಕೆಲಸದಲ್ಲಿದ್ದವರು. ಬೆಳಿಗ್ಗೆಯೇ ಕೊಯ್ದು ತೊಳೆದ ಕೋಳಿಯನ್ನು ಬಟ್ಟೆಯಲ್ಲಿ ಸುತ್ತಿ ಆಫೀಸಿಗೆ ಒಯ್ದು ತೂಗಿಸಿ ತಂದರು. ಸರಿಯಾಗಿ ನಾಲ್ಕು ಪೌಂಡು. ಪೌಂಡಿಗೆ ಇಪ್ಪತ್ತು ನಿಮಿಷ, ಮೇಲೆ ಇಪ್ಪತ್ತು. ಇದು ಅವ್ವನ ಲೆಕ್ಕ. ತೆಗೆದ ಮೇಲೆ ಕಾಲು ತಾಸು ಹಾಗೇ ಬಿಡಬೇಕು, ಆಮೇಲೆ ಕೊಯ್ಯಬೇಕು. ಅಪ್ಪ ಗಾಡಿಯ ವೇಳೆಯಿಂದ ಹಿಂದಕ್ಕೆ ಎಣಿಸಿ, ಕೋಳಿಯನ್ನು ಯಾವಾಗ ಒಳಗಿಡಬೇಕೆಂದು ಹೇಳಿದರು. ನಾನು ಧಾರವಾಡದ ಟ್ರೇನಿಂಗ್ ಕಾಲೇಜಿನಿಂದ ರಜೆಗೆ ಬಂದಿದ್ದೆ. ಗಂಟೆ ಬಾರಿಸಿದಂತೆ ನಡೆಯುವುದು ನನಗೂ ಒಗ್ಗಿತ್ತು. ಲೆಕ್ಕ ಒಪ್ಪುವಂಥದ್ದೇ ಆಗಿತ್ತು.

ಬಂಗಲೆಯ ಅಡುಗೆಮನೆಯಲ್ಲಿ ಎಲ್ಲರೂ ಸೇರಿದೆವು. ಓವನ್ನಿನ ಬಾಗಿಲಲ್ಲಿ ಕಾವು ತೋರಿಸುವ, ಗಡಿಯಾರದಂಥ ಮುಳ್ಳಿತ್ತು. ಅದು ಮುನ್ನೂರೈವತ್ತು ಡಿಗ್ರಿ ತೋರಿಸಿದಾಗ ಅವ್ವ ಕೋಳಿಯನ್ನು ಒಳಗಿಟ್ಟಳು. ಮುಳ್ಳು ಇಳಿದರೆ ಇದ್ದಿಲು ಹಾಕುತ್ತಿದ್ದಳು, ಏರಿದರೆ ಗಾಳಿಯ ಕಿಂಡಿ ಮುಚ್ಚುತ್ತಿದ್ದಳು. ನಡುನಡುವೆ ತುಪ್ಪ ಸವರುತ್ತಿದ್ದಳು.

ವೇಳೆಯಾಯಿತು. ಚರ್ಮ ಹೊಂಬಣ್ಣಕ್ಕೆ ತಿರುಗಿತ್ತು. ಅವ್ವ ತೊಡೆಯ ದಪ್ಪ ಭಾಗಕ್ಕೆ ಕಬ್ಬಿಣದ ಕಡ್ಡಿ ಚುಚ್ಚಿದಳು. ಬಂದ ರಸ ಕೆಂಪಗಿತ್ತು. ಕೋಳಿಯನ್ನು ತಿರುಗಿ ಒಳಗಿಟ್ಟಳು.

“ಟೈಮ್ ಆತಲ್ಲ?” ಎಂದರು ಅಪ್ಪ.

“ಟೈಮ್ ಆಗೇತಿ. ತೊಡಿ ಬೆಂದಿಲ್ರಿ.”

“ನಾಕು ಪೌಂಡು ನಾನ ತೂಗೇನಿ.”

“ನೀವು ತೂಗಿದ್ದು ಖಾಲಿ ಕೋಳಿ. ಆಮ್ಯಾಲೆ ಅದರ ಹೊಟ್ಟ್ಯಾಗ ಬ್ರೆಡ್ಡು, ಉಳ್ಳಾಗಡ್ಡಿ ತುಂಬಲಿಲ್ಲೇನ್ರಿ ನಾನು? ಅದ ಒಂದು ಪೌಂಡಿನ ಮ್ಯಾಲೆ ಆದೀತು.”

ಅಪ್ಪ ಇಡೀ ಜನ್ಮ ಪೆಟ್ಟಿಗೆಯನ್ನೂ ಒಳಗಿನ ಮಾಲನ್ನೂ ಕೂಡಿಸಿಯೇ ತೂಗಿದವರು.

“ಪಾರ್ಸಲ್ ಆಫೀಸಿನಾಗ ಹಿಂಗ ತೂಗಿದ್ರ ನಿಮ್ಮ ನೌಕರಿ ಉಳಿತಿತ್ತೇನಪ್ಪಾ?” ಎಂದು ಅಣ್ಣ ನಕ್ಕ. ಆಮೇಲೆ ಅವ್ವನಿಗೆ, “ಅವ್ವಾ, ಹಂಗ ಕೊಡು. ತಿಂತೇನಿ,” ಎಂದ.

“ಹಸೀ ಕೋಳಿ ತಿಂದು ಗಾಡ್ಯಾಗ ಹೊಟ್ಟಿ ಹಿಡಕೊಂಡು ಕುಂಡ್ರತಿ ಏನು?”

ಇನ್ನೊಮ್ಮೆ ಚುಚ್ಚಿದಾಗಲೂ ರಸದಲ್ಲಿ ಕೆಂಪು ಉಳಿದಿತ್ತು. ಬಾಗಿಲು ತೆಗೆದಾಗಲೆಲ್ಲ ಮುಳ್ಳು ಇಳಿಯುತ್ತಿತ್ತು. ಉರಿ ಜಾಸ್ತಿ ಮಾಡು ಎಂದೆ. ಮೇಲೆ ಕರಕಾಗಿ ಒಳಗೆ ಹಸಿಯೇ ಉಳಿಯುತ್ತದೆ ಎಂದಳು. ಅಣ್ಣ ರೊಟ್ಟಿ, ಶೇಂಗಾ ಚಟ್ನಿ ತಿಂದು ಕೈ ತೊಳೆದ.

ಮೂರನೆಯ ಸಲ ರಸ ತಿಳಿಯಾಗಿ ಬಂತು. ಅಪ್ಪ ಆಗಲೇ ಟ್ರಂಕು ಎತ್ತಿಕೊಂಡು ನಿಂತಿದ್ದರು.

“ಒಂದು ಕಾಲು ಕೊಯ್ದು ಕೊಡು, ಲಗೂ,” ಎಂದರು.

ಅವ್ವ ಚಾಕು ಹಿಡಿದಳು, ಇಟ್ಟಳು. “ಈಗ ಕೊಯ್ದರ ರಸ ಎಲ್ಲಾ ಹಲಗಿ ಮ್ಯಾಲೆ ಹರಿದು ಹೋಗತೈತ್ರಿ. ಒಣಾ ಚಕ್ಕಿ ತಿನ್ನಬೇಕು. ಸಾಹೇಬಗ ಒಂದು ಥರಾ, ನನ್ನ ಮಗಗ ಒಂದು ಥರಾ ಕೊಡ್ಲೇನು? ಕಾಲು ತಾಸು ನಿಲ್ರಿ.”

“ಗಾಡಿ ನಿಲ್ಲೂದಿಲ್ಲ.”

ಅಣ್ಣ ಅವಳ ಕಾಲು ಮುಟ್ಟಿದ. “ತಿರುಗಿ ಬಂದಾಗ ಇಡೀ ಕೋಳಿ ನನಗ,” ಎಂದು ಹೊರಟ. ಅವ್ವ ಬಾಗಿಲವರೆಗೆ ಹೋಗಿ ಬಂದು, ಕೋಳಿಯ ಮೇಲೆ ಬಟ್ಟೆ ಮುಚ್ಚಿ ಎದುರಿಗೆ ಕುಳಿತಳು. ಕಾಲು ತಾಸಾದ ಮೇಲೆ ಕೊಯ್ದಳು. ಹಲಗೆಯ ಮೇಲೆ ಒಂದು ಹನಿ ಬೀಳಲಿಲ್ಲ. ಮಾಂಸ ಮೆತ್ತಗೆ, ಹೊಳೆಯುತ್ತ ಬಿಟ್ಟುಕೊಂಡಿತು. ನಾವಿಬ್ಬರೂ ಬಾಯಿಗೆ ಹಾಕಲಿಲ್ಲ.

ಅಪ್ಪ ಬರಲು ತಡವಾಯಿತು.

“ಗಾಡಿ ಟೈಮಿಗೆ ಬಿಡ್ತೇನ್ರಿ?” ಅವ್ವ ಕೇಳಿದಳು.

“ಇಲ್ಲ. ಮುಂದ ಮಿಲಿಟರಿ ಗಾಡಿ ಇತ್ತಂತ. ಮುಕ್ಕಾಲು ತಾಸು ಅಲ್ಲೇ ನಿಂತಿತ್ತು.”

ಅಷ್ಟು ಹೊತ್ತು ಅವರೂ ಅಣ್ಣನೂ ಪ್ಲಾಟ್‌ಫಾರ್ಮಿನ ಮೇಲಿದ್ದರು. ಈಗ ಬಿಟ್ಟೀತು, ಈಗ ಬಿಟ್ಟೀತು ಎಂದು ಇಬ್ಬರೂ ಅಲುಗಲಿಲ್ಲ. ಇತ್ತ ನಾವೂ ಗಾಡಿ ಹೋಯಿತೆಂದೇ ತಿಳಿದಿದ್ದೆವು. ಸ್ಟೇಶನ್ನು ಬಂಗಲೆಯಿಂದ ಕೂಗಳತೆಯಲ್ಲಿತ್ತು.

ಅವ್ವ ಕೋಳಿಯನ್ನು ಬಂಗಲೆಯ ತೋಟದ ಮಾಲಿಯ ಮನೆಗೆ ಕೊಟ್ಟು, ಓವನ್ನಿನ ಬೂದಿ ತೆಗೆದು, ತಟ್ಟೆ ಉಜ್ಜಿ ಇಟ್ಟಳು.

ಅಣ್ಣ ಯುದ್ಧ ಮುಗಿದ ಮೇಲೆ ಸುಖವಾಗಿ ತಿರುಗಿ ಬಂದ. ಅಷ್ಟರಲ್ಲಿ ಅವ್ವ ವಿಷಮಜ್ವರದಿಂದ ತೀರಿಕೊಂಡಿದ್ದಳು. ಕೊನೆಯ ದಿನಗಳಲ್ಲಿ ಜ್ವರದ ಗುಂಗಿನಲ್ಲೂ ಆ ಮುಕ್ಕಾಲು ತಾಸಿನ ಮಾತೇ. “ಹೋಗಿ ಕೊಟ್ಟು ಬರಬಹುದಿತ್ತಲ್ರಿ,” ಎಂದು ಅಪ್ಪನಿಗೆ ಮತ್ತೆ ಮತ್ತೆ ಹೇಳುತ್ತಿದ್ದಳು.

ಅಪ್ಪ ಯಾವತ್ತೂ ಸುಳ್ಳು ಹೇಳಿದವರಲ್ಲ. ನಮಗೂ ಅದನ್ನೇ ಕಲಿಸಿದರು. ಆದರೆ ಆ ಮಧ್ಯಾಹ್ನ ಅವ್ವ ಕೇಳಿದಾಗ, ಗಾಡಿ ಟೈಮಿಗೇ ಬಿಟ್ಟಿತು ಎಂದು ಹೇಳಬಾರದಿತ್ತೇ ಎಂದು ನನಗೆ ಇಂದಿಗೂ ಅನ್ನಿಸುತ್ತದೆ.