ಎರಡನೇ ಕಾರ್ಡು ಬೇಡವೆಂದ ದಾದಾಪೀರ್

ಅದಿರಿನ ದುಡ್ಡು ಬಳ್ಳಾರಿಯ ಬೀದಿಯಲ್ಲಿ ಧೂಳಿನಂತೆ ಹಾರುತ್ತಿದ್ದ 2010ರಲ್ಲಿ, ಗಿರಾಕಿ ಕೇಳಿದ್ದನ್ನು ಬೇಡವೆನ್ನುವ ಅಂಗಡಿಯವನು ಊರಿಗೆಲ್ಲ ಒಬ್ಬನೇ: ಮೋಕದ ದಾದಾಪೀರ್. ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಿಕೊಡುವುದು ಅವನ ಕಸುಬು. ಕೈ ಚೊಕ್ಕ, ಬಾಯಿಯೂ ಚೊಕ್ಕ, ಎರಡನೆಯದರಿಂದಲೇ ತೊಂದರೆ.

ಕುರುಗೋಡಿನ ಕೊಟ್ಟೂರಪ್ಪನಿಗೆ ಟಿಪ್ಪರ್ ಲಾರಿಗಳ ವ್ಯವಹಾರ. ಕೊಂಡರೆ ಜೋಡಿಯಾಗಿಯೇ ಕೊಳ್ಳುವ ಚಾಳಿ. ಟಿಪ್ಪರ್ ಎರಡೆರಡು, ಎಮ್ಮೆಯೂ ಎರಡೆರಡು. ಲಾರಿಗಳು ಲೋಡಿಗೆ ಕಾಯುವಷ್ಟು ಹೊತ್ತು ಆಫೀಸಿನಲ್ಲಿ ಕೂತು ಯುದ್ಧದ ಆಟ ಆಡುತ್ತಿದ್ದ. ಹೊಸದಾಗಿ ಬಂದ ಆಟವೊಂದು ತಡವರಿಸತೊಡಗಿದಾಗ, ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಇದ್ದಂಥದ್ದೇ ಇನ್ನೊಂದು ಹಾಕು ಎಂದು ಬಂದ. ಸಿರುಗುಪ್ಪದಲ್ಲಿ ತೆರೆಯಲಿದ್ದ ಹೊಸ ಆಫೀಸಿಗೆ ಆರು ಕಂಪ್ಯೂಟರ್ ಬೇಕೆಂದೂ ಸೇರಿಸಿದ. ಆ ಆರ್ಡರ್ ಸಿಕ್ಕರೆ ದಾದಾಪೀರ್ ಬಾಡಿಗೆ ಗೂಡು ಬಿಟ್ಟು ಬಸ್‌ಸ್ಟ್ಯಾಂಡಿನೆದುರು ಮಳಿಗೆ ಹಿಡಿಯಬಹುದಿತ್ತು.

ಆದರೂ ಬಾಯಿ ಸುಮ್ಮನಿರಲಿಲ್ಲ.

"ದುಡ್ಡು ದಂಡ ಆಗ್ತೈತ್ರಿ ಸಾಹುಕಾರ್ರ. ಇದನ್ನ ಮಾರಿ ದೊಡ್ಡದೊಂದು ತಗೊಳ್ರಿ."

"ಟಿಪ್ಪರ್ ಎರಡಾದ್ರ ಅದಿರು ಎರಡು ಪಟ್ಟು ಬರಲ್ಲೇನಪ?"

ಕೆಲಸ ಹಂಚಿಕೊಳ್ಳುವುದನ್ನು ಬಲ್ಲ ಆಟಗಳಲ್ಲಿ ಮಾತ್ರ ಎರಡನೇ ಕಾರ್ಡಿಗೆ ಬೆಲೆ, ಅಲ್ಲಿಯೂ ವೇಗ ಪೂರ್ತಿ ಇಮ್ಮಡಿಯಾಗುವುದಿಲ್ಲ ಎಂದು ದಾದಾಪೀರ್ ಬಿಡಿಸಿ ಹೇಳಿದ. ಎರಡು ಕಾರ್ಡೂ ಒಂದೇ ಸಾಮಾನನ್ನು ತಂತಮ್ಮ ಮೆಮೊರಿಯಲ್ಲಿ ಬೇರೆ ಬೇರೆ ಹೊರುವುದರಿಂದ ಮೆಮೊರಿಯೂ ಕೂಡಿ ದೊಡ್ಡದಾಗದು. ಈ ಹೊಸ ಆಟಕ್ಕಂತೂ ಕಾರ್ಡಿನ ಕಂಪನಿ ಇನ್ನೂ ಆ ಏರ್ಪಾಡು ಮಾಡಿರಲಿಲ್ಲ. ಕೊಟ್ಟೂರಪ್ಪ ತಲೆಯಾಡಿಸಿದ, ನಂಬಲಿಲ್ಲ. ಇವನಲ್ಲಿ ಮಾಲಿಲ್ಲ, ಅದಕ್ಕೇ ಈ ಪುರಾಣ ಎಂದುಕೊಂಡು ಎದುರಿನ ಅಂಗಡಿಯಲ್ಲಿ ಕಾರ್ಡು ಕೊಂಡು, ಕೂಡಿಸಲು ಮಾತ್ರ ಇವನಲ್ಲಿಗೇ ತಂದ.

ಎರಡು ಕಾರ್ಡಿನ ಹಸಿವಿಗೆ ಹಳೆಯ ಪವರ್ ಸಪ್ಲೈ ಸಾಲದೆ ಅದನ್ನೂ ಬದಲಿಸಬೇಕಾಯಿತು. ಎರಡು ಕಾರ್ಡುಗಳ ನಡುವೆ ದಾದಾಪೀರ್ ಕೊಂಡಿ ಹಾಕಿ, ಎರಡೂ ಕೂಡಿ ದುಡಿಯುವಂತೆ ಸಾಫ್ಟ್‌ವೇರಿನಲ್ಲೂ ಹೊಂದಿಸಿದ. ಹಳೆಯ ಕಾರ್ ರೇಸಿನಲ್ಲಿ ಪರದೆಯಲ್ಲಿ ಸೆಕೆಂಡಿಗೆ ಮೂವತ್ತೆರಡಿದ್ದ ಚಿತ್ರಗಳು ಐವತ್ತೈದಾಗಿ ಓಟ ನುಣುಪಾಯಿತು. ಕೊಟ್ಟೂರಪ್ಪ ಮೀಸೆಯ ಮೇಲೆ ಕೈಯಾಡಿಸಿದ. ಹೊಸ ಆಟ ಹಾಕಿದರೆ ಮೊದಲಿನಂತೆ ಇಪ್ಪತ್ತೇಳೇ.

"ಬ್ಯಾಡ ಅಂದಿದ್ದಿ. ಮನಸ್ಸಿಟ್ಟು ಕೂಡ್ಸಿಲ್ಲ ನೀನು."

ದಾದಾಪೀರ್ ಯಂತ್ರ ಆರಿಸಿ, ಎರಡನೇ ಕಾರ್ಡನ್ನು ಕಿತ್ತು ಅವನ ಕೈಯಲ್ಲಿಟ್ಟು, ಮತ್ತೆ ಆಟ ಹಚ್ಚಿದ. ಇಪ್ಪತ್ತೇಳು.

ಕೊಟ್ಟೂರಪ್ಪ ಪರದೆಯನ್ನೂ ಕೈಯಲ್ಲಿದ್ದ ಕಾರ್ಡನ್ನೂ ನೋಡಿದ. ಅರ್ಥವಾದದ್ದು ಮುಖದಲ್ಲೇ ಕಾಣುತ್ತಿತ್ತು. ಒಪ್ಪುವುದೇ ಕಷ್ಟ, ಅದೂ ಜೊತೆಯಲ್ಲಿ ಬಂದ ಲಾರಿ ಕ್ಲೀನರನ ಎದುರು.

"ಇರ್ಲಿ, ಒಳಗ ಹಾಕಪ. ಕಂಪ್ಯೂಟರ್ ಡಬ್ಬಿ ಪಕ್ಕದ ಗಾಜಿನಾಗ ಎರಡು ಕಂಡ್ರ ಚಂದ."

ಹಾಕಿಕೊಟ್ಟ. ಸಿರುಗುಪ್ಪದ ಆರು ಕಂಪ್ಯೂಟರಿನ ಆರ್ಡರ್ ವಾರದೊಳಗೆ ಎದುರಿನ ಅಂಗಡಿಗೆ ಹೋಯಿತು. ಅಲ್ಲಿಯವನು ಎದುರು ಮಾತಾಡುವುದಿಲ್ಲವಂತೆ.